ಕಡಲಹಕ್ಕಿ ಎಂಬ ಒಪ್ಪಂದ

2008ನೆಯ ಇಸವಿಯ ಜುಲೈ 11ರಂದು ನ್ಯೂಯಾರ್ಕಿನ ಪೇಟೆಯಲ್ಲಿ ಒಂದು ಪೀಪಾಯಿ ಕಚ್ಚಾ ಎಣ್ಣೆಯ ಬೆಲೆ 147 ಡಾಲರುಗಳನ್ನು ದಾಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ಎಣ್ಣೆ 40 ಡಾಲರಿಗಿಂತಲೂ ಕೆಳಗೆ ಇಳಿದಿತ್ತು. ವಿಮಾನ ಸಂಸ್ಥೆಗಳ ಖರ್ಚಿನಲ್ಲಿ ಇಂಧನದ ಪಾಲು ಬಹು ದೊಡ್ಡದು. ಆದುದರಿಂದ ಎಣ್ಣೆ ಅಗ್ಗವಾದರೆ ಅವುಗಳಿಗೆ ಲಾಭವಾಗಬೇಕಷ್ಟೆ. ಆದರೆ ಆ ಚಳಿಗಾಲದಲ್ಲಿ ಕೆಲವು ವಿಮಾನ ಸಂಸ್ಥೆಗಳು ಎಣ್ಣೆ ಅಗ್ಗವಾದುದರಿಂದಲೇ ತಮಗೆ ಅಪಾರ ನಷ್ಟವಾಯಿತೆಂದು ಲೋಕಕ್ಕೆ ತಿಳಿಸಬೇಕಾಯಿತು. ಇದು ಹೇಗೆ ಸಾಧ್ಯ? ಉತ್ತರವನ್ನು ಕಾಣಬೇಕಾದರೆ ಪೇಟೆಯವರು ಸೀಗಲ್, ಎಂದರೆ ಕಡಲಹಕ್ಕಿ, ಎಂದು ಕರೆಯುವ ಒಂದು ಒಪ್ಪಂದದ ರಚನೆಯನ್ನು ನಾವು ಬಿಡಿಸಿ ನೋಡಬೇಕು. ಇದಕ್ಕೆ ಬೇಕಾದ ಗಣಿತ ಕೂಡುವುದು, ಕಳೆಯುವುದು ಮತ್ತು ಸ್ವಲ್ಪ ಸಂಭಾವ್ಯತೆ, ಇಷ್ಟೇ.

ಎರಡು ಬಗೆಯ ಹಕ್ಕುಗಳು

ಮೊದಲು ಎರಡು ಪದಗಳ ಪರಿಚಯ ಮಾಡಿಕೊಳ್ಳೋಣ. ಒಂದು ವಸ್ತುವನ್ನು ಮುಂದಿನ ಒಂದು ದಿನ, ಇಂದೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕಿಗೆ ‘ಕಾಲ್’ ಎಂದು ಹೆಸರು. ಹಾಗೆಯೇ ಗೊತ್ತುಮಾಡಿದ ಬೆಲೆಗೆ ಮಾರುವ ಹಕ್ಕಿಗೆ ‘ಪುಟ್’ ಎಂದು ಹೆಸರು. ಇವೆರಡೂ ಹಕ್ಕುಗಳೇ ಹೊರತು ಕಟ್ಟುಪಾಡುಗಳಲ್ಲ. ಹಕ್ಕನ್ನು ಕೊಂಡವನು ತನಗೆ ಅನುಕೂಲವಾದರೆ ಅದನ್ನು ಚಲಾಯಿಸುತ್ತಾನೆ, ಇಲ್ಲವಾದರೆ ಬಿಟ್ಟುಬಿಡುತ್ತಾನೆ. ಹಕ್ಕನ್ನು ಮಾರಿದವನಿಗೆ ಮಾತ್ರ ಇಂಥ ಸ್ವಾತಂತ್ರ್ಯವಿಲ್ಲ. ಕೊಂಡವನು ಕೇಳಿದಾಗ ಅವನು ಕೊಡಲೇಬೇಕು. ಈ ಕಟ್ಟುಪಾಡಿಗೆ ಪ್ರತಿಫಲವಾಗಿ ಅವನು ಮೊದಲೇ ಒಂದಿಷ್ಟು ಹಣವನ್ನು ಪಡೆದಿರುತ್ತಾನೆ, ಅದೇ ಪ್ರೀಮಿಯಂ.

ಒಂದು ಉದಾಹರಣೆ. ಎಣ್ಣೆಯನ್ನು 105 ಡಾಲರಿಗೆ ಕೊಳ್ಳುವ ಹಕ್ಕು ನಮ್ಮಲ್ಲಿದೆ ಎಂದಿಟ್ಟುಕೊಳ್ಳೋಣ. ಗಡುವಿನ ದಿನ ಪೇಟೆಯ ಬೆಲೆ 115 ಆದರೆ ನಮ್ಮ ಹಕ್ಕಿನ ಬೆಲೆ 10 ಡಾಲರು. ಪೇಟೆಯ ಬೆಲೆ 100 ಆದರೆ ಹಕ್ಕಿಗೆ ಬೆಲೆಯೇ ಇಲ್ಲ. ಪೇಟೆಯಲ್ಲೇ ಅಗ್ಗವಾಗಿ ದೊರೆಯುವಾಗ 105 ತೆತ್ತು ಕೊಳ್ಳುವವರಾರು? ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಎಣ್ಣೆಯ ಪೀಪಾಯಿಗಳು ಕೈ ಬದಲಾಯಿಸುವುದಿಲ್ಲ. ಬೆಲೆಯ ವ್ಯತ್ಯಾಸವನ್ನು ಹಣದ ರೂಪದಲ್ಲಿ ತೀರಿಸಿಬಿಡುತ್ತಾರೆ.

ಮೂರು ಅಂಗಗಳ ಜೋಡಣೆ

ಈಗ ಒಂದು ವಿಮಾನ ಸಂಸ್ಥೆಯನ್ನು ಕಲ್ಪಿಸಿಕೊಳ್ಳೋಣ. ಆರು ತಿಂಗಳ ಅನಂತರ ಅದಕ್ಕೆ 10 ಲಕ್ಷ ಪೀಪಾಯಿ ಎಣ್ಣೆ ಬೇಕು. ಆರು ತಿಂಗಳ ವಾಯಿದೆಯ ಬೆಲೆ ಇಂದು ಪೀಪಾಯಿಗೆ 100 ಡಾಲರು. ಬೆಲೆ ಏರುತ್ತದೆ ಎಂದು ಸಂಸ್ಥೆಯ ಅಂದಾಜು. ಆದರೆ 125ನ್ನು ಮೀರಲಾರದು ಎಂಬ ನಂಬಿಕೆಯೂ ಇದೆ. ಅದು 105 ಡಾಲರಿನ ಕಾಲ್ ಒಂದನ್ನು ಕೊಳ್ಳಲು ಹೋಗುತ್ತದೆ. ಎಣ್ಣೆಯ ಬೆಲೆಯ ಏರಿಳಿತ ವರ್ಷಕ್ಕೆ ಶೇಕಡಾ 30ರಷ್ಟಿದ್ದರೆ, ಎಂದರೆ ವರ್ಷದ ಕೊನೆಗೆ ಮೂರು ಬಾರಿಯಲ್ಲಿ ಎರಡು ಬಾರಿ ಬೆಲೆಯು ಮೊದಲಿನದಕ್ಕಿಂತ ಸುಮಾರು ಶೇಕಡಾ 30 ಮೇಲೆ ಅಥವಾ ಕೆಳಗಿನ ಎಲ್ಲೆಯೊಳಗೇ ನಿಲ್ಲುವಂತಿದ್ದರೆ, ಈ ಕಾಲ್‌ಗೆ ತೆರಬೇಕಾದ ಪ್ರೀಮಿಯಂ ಸುಮಾರು 6.40 ಡಾಲರು. ಫಿಷರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಅವರು 1973ರಲ್ಲಿ ಪ್ರಕಟಿಸಿದ ಸೂತ್ರವನ್ನು ಬ್ಲ್ಯಾಕ್ ಅವರೇ 1976ರಲ್ಲಿ ವಾಯಿದೆ ಬೆಲೆಗಳಿಗೆ ಅಳವಡಿಸಿದರು. ನಮ್ಮ ಲೆಕ್ಕಗಳೆಲ್ಲ ಆ ಸೂತ್ರದಿಂದ ಬಂದವು. ಸುಲಭವಾಗಲೆಂದು ಬಡ್ಡಿಯನ್ನು ಮಾತ್ರ ಕೈಬಿಟ್ಟಿದ್ದೇವೆ.

ಪೀಪಾಯಿಗೆ 6.40 ಎಂದರೆ 10 ಲಕ್ಷ ಪೀಪಾಯಿಗೆ 64 ಲಕ್ಷ ಡಾಲರು. ಇಷ್ಟು ಹಣವನ್ನು ಇಂದೇ ಎಣಿಸಿಕೊಡಲು ಸಂಸ್ಥೆಗೆ ಮನಸ್ಸಿಲ್ಲ. ಆಗ ಅದು ಹೀಗೆ ಯೋಚಿಸುತ್ತದೆ: ‘ಬೆಲೆ 125ನ್ನು ಮೀರುವುದಿಲ್ಲವೆಂದು ನಾವೇ ನಂಬಿರುವಾಗ, ಅದರ ಮೇಲಿನ ಲಾಭ ನಮಗೇಕೆ?’ ಆದುದರಿಂದ 125 ಡಾಲರಿನ ಕಾಲ್ ಒಂದನ್ನು ಬೇರೊಬ್ಬರಿಗೆ ಮಾರಿ 1.80 ಡಾಲರು ಪಡೆಯುತ್ತದೆ. ಕೆಳಗಿನ ಕಾಲನ್ನು ಕೊಂಡು ಮೇಲಿನ ಕಾಲನ್ನು ಮಾರಿದ ಈ ಜೋಡಿಗೆ ಕಾಲ್ ಸ್ಪ್ರೆಡ್ ಎಂದು ಹೆಸರು. ಖರ್ಚು ಈಗ 4.60ಕ್ಕೆ ಇಳಿಯಿತು.

ಇದೂ ಹೆಚ್ಚೆನಿಸಿದಾಗ ಮೂರನೆಯ ಅಂಗ ಬರುತ್ತದೆ. ಬೆಲೆ 92ಕ್ಕಿಂತ ಕೆಳಗೆ ಇಳಿಯುವುದಿಲ್ಲವೆಂದು ನಂಬಿ, ಸಂಸ್ಥೆಯು 92 ಡಾಲರಿನ ಪುಟ್ ಒಂದನ್ನು ಮಾರಿ 4.70 ಡಾಲರು ಪಡೆಯುತ್ತದೆ. ಎಂದರೆ ಎಣ್ಣೆ ಎಷ್ಟೇ ಅಗ್ಗವಾದರೂ ಎದುರು ಪಕ್ಷದವರಿಂದ ಅದನ್ನು 92 ಡಾಲರಿಗೆ ಕೊಳ್ಳುವೆನೆಂದು ಮಾತು ಕೊಟ್ಟಂತಾಯಿತು. ಬಂದದ್ದು 1.80 ಮತ್ತು 4.70, ಒಟ್ಟು 6.50, ಹೋದದ್ದು 6.40. ಹತ್ತು ಸೆಂಟು ಕೈಯಲ್ಲೇ ಉಳಿಯಿತು! ಇದೇ ಕಡಲಹಕ್ಕಿ. ಇದರ ಲಾಭನಷ್ಟಗಳನ್ನು ಒಂದು ರೇಖಾಚಿತ್ರದಲ್ಲಿ ಬರೆದರೆ ಎಡಗಡೆ ಜೋತುಬಿದ್ದ ಒಂದು ರೆಕ್ಕೆ, ನಡುವೆ ಸಮತಟ್ಟಾದ ಮೈ, ಬಲಗಡೆ ಮೇಲೆದ್ದು ತುದಿಯಲ್ಲಿ ಚಪ್ಪಟೆಯಾದ ಇನ್ನೊಂದು ರೆಕ್ಕೆ ಕಾಣುತ್ತವೆ. ಹಕ್ಕಿಯ ಹೋಲಿಕೆಗೆ ಸ್ವಲ್ಪ ಕಲ್ಪನೆಯೂ ಬೇಕೆನ್ನುವುದು ನಿಜ.

ಎಲ್ಲಿ ನಿಂತರೆ ಏನು?

ಆರು ತಿಂಗಳ ಗಡುವು ಬಂದಿತು ಎನ್ನೋಣ. ಬೆಲೆ 92 ಮತ್ತು 105ರ ನಡುವೆ ನಿಂತರೆ ಯಾರೂ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ. 115 ಆದರೆ ಸಂಸ್ಥೆಗೆ ಪೀಪಾಯಿಗೆ 10 ಡಾಲರು ಬರುತ್ತದೆ. 125 ಆದರೆ 20 ಡಾಲರು. ಬೆಲೆ 150ಕ್ಕೆ ಏರಿದರೂ ಬರುವುದು ಅದೇ 20 ಡಾಲರು. ಏಕೆಂದರೆ ಕೊಂಡ ಕಾಲ್ ತಂದ 45 ಡಾಲರಿನಲ್ಲಿ 25ನ್ನು ಮಾರಿದ ಕಾಲ್ ನುಂಗಿಹಾಕುತ್ತದೆ. ಇತ್ತ ಬೆಲೆ 70ಕ್ಕೆ ಇಳಿದರೆ ಸಂಸ್ಥೆ 22 ಡಾಲರು ತೆರಬೇಕು. 40ಕ್ಕೆ ಇಳಿದರೆ 52 ಡಾಲರು. ಲಾಭಕ್ಕೆ 20ರ ಮಿತಿಯುಂಟು. ನಷ್ಟಕ್ಕೆ ಎಣ್ಣೆಯ ಬೆಲೆ ಸೊನ್ನೆಯಾಗುವವರೆಗೂ ತಡೆಯಿಲ್ಲ.

ಆದರೆ ಇಲ್ಲಿ ಒಂದು ಭೇದವನ್ನು ವಾಚಕರು ಗಮನಿಸಬೇಕು. ನಿಜವಾಗಿಯೂ ಎಣ್ಣೆಯನ್ನು ಸುಡುವ ಸಂಸ್ಥೆಗೆ ಈ 52 ಡಾಲರು ಶುದ್ಧ ನಷ್ಟವಲ್ಲ. ಪೇಟೆಯಲ್ಲಿ 40 ಡಾಲರಿಗೆ ಎಣ್ಣೆಯನ್ನು ಕೊಂಡು, ಒಪ್ಪಂದದ ಮೇರೆಗೆ 52 ಡಾಲರು ತೆತ್ತರೆ, ಅದರ ಒಟ್ಟು ಖರ್ಚು 92 ಆಯಿತು. ಅಗ್ಗದ ಎಣ್ಣೆಯ ಸುಖ ತಪ್ಪಿತು, ಅಷ್ಟೆ. ಎಣ್ಣೆಯ ಅಗತ್ಯವೇ ಇಲ್ಲದೆ, ಬೆಲೆ ಏರುತ್ತದೆ ಎಂಬ ಊಹೆಯೊಂದನ್ನೇ ನೆಚ್ಚಿ ಇದೇ ಹಕ್ಕಿಯನ್ನು ಕಟ್ಟಿದವನಿಗಾದರೋ ಇಡೀ 52 ಡಾಲರೂ ಕೈಯಿಂದಲೇ ಹೋಗುತ್ತದೆ. ಒಂದೇ ಕಾಗದ ಒಬ್ಬನಿಗೆ ರಕ್ಷಣೆ, ಇನ್ನೊಬ್ಬನಿಗೆ ಪಂದ್ಯ. ಈ ಎರಡರ ನಡುವಣ ಗೆರೆ ಎಲ್ಲಿ ಅಳಿಸಿಹೋಗುತ್ತದೆ ಎಂಬುದನ್ನು ಮುಂದೆ ನೋಡುವೆವು.

ಪ್ರೀಮಿಯಂ ಎಲ್ಲಿಂದ ಬಂದಿತು?

ಖರ್ಚಿಲ್ಲದೆ ರಕ್ಷಣೆ ದೊರೆಯಿತೆಂಬ ಮಾತು ಕಿವಿಗೆ ಇಂಪಾಗಿದೆ. ಆದರೆ ಪುಟ್‌ಗೆ 4.70 ಡಾಲರು ಕೊಟ್ಟವರು ದಾನಕ್ಕಾಗಿ ಕೊಟ್ಟವರಲ್ಲ. ಆ ಮೊತ್ತವನ್ನು ಒಡೆದು ನೋಡೋಣ. ನಾವು ಹಿಡಿದ ಏರಿಳಿತದ ಪ್ರಮಾಣದಲ್ಲಿ, ಗಡುವಿನ ದಿನ ಬೆಲೆ 92ಕ್ಕಿಂತ ಕೆಳಗಿರುವ ಸಂಭಾವ್ಯತೆ ನೂರಕ್ಕೆ ಸುಮಾರು 39. ಹಾಗೆ ಕೆಳಗಿದ್ದಾಗ ಮಾರಿದವನು ತೆರಬೇಕಾದ ಹಣದ ಸರಾಸರಿ ಸುಮಾರು 12 ಡಾಲರು. ನೂರರಲ್ಲಿ 39 ಬಾರಿ 12 ಡಾಲರು ಎಂದರೆ, ಬಾರಿಯೊಂದಕ್ಕೆ ಹಂಚಿದಾಗ 4.70ರಷ್ಟೇ ಆಗುತ್ತದೆ. ಪ್ರೀಮಿಯಂ ಎಂಬುದು ಮುಂದೆ ತೆರಬೇಕಾಗಬಹುದಾದ ಹಣದ ಸರಾಸರಿಯೇ ಹೊರತು ಬೇರೆಯಲ್ಲ.

ಕಾಲ್ ಸ್ಪ್ರೆಡ್ಡಿನ ಕಡೆಯನ್ನೂ ಹೀಗೆಯೇ ಎಣಿಸಬಹುದು. ಬೆಲೆ 105ನ್ನು ಮೀರುವ ಸಂಭಾವ್ಯತೆ ನೂರಕ್ಕೆ ಸುಮಾರು 37. ಮೀರಿದಾಗ ಬರುವ ಲಾಭದ ಸರಾಸರಿ ಹನ್ನೆರಡೂವರೆ ಡಾಲರು. ಇದರ ಫಲ 4.60. ಆದುದರಿಂದ ಈ ಹಕ್ಕಿಯನ್ನು ಕಟ್ಟಿದವನು ನೂರಕ್ಕೆ 37 ಬಾರಿ ಗೆಲ್ಲುತ್ತಾನೆ, 39 ಬಾರಿ ಸೋಲುತ್ತಾನೆ, ಉಳಿದ 24 ಬಾರಿ ಏನೂ ಆಗುವುದಿಲ್ಲ. ತಕ್ಕಡಿಯ ಎರಡು ತಟ್ಟೆಗಳೂ ಸಮನಾಗಿ ನಿಂತಿವೆ. ಮುಳ್ಳು ಸೊನ್ನೆಯನ್ನು ತೋರಿಸುತ್ತದೆ. ಆದರೆ ಮುಳ್ಳು ಸೊನ್ನೆಯಲ್ಲಿದ್ದರೆ ತಟ್ಟೆಗಳು ಬರಿದಾಗಿವೆ ಎಂದರ್ಥವಲ್ಲ. ಇದರಲ್ಲಿಯೂ ಒಂದು ವೈಲಕ್ಷಣ್ಯವಿದೆ: ಲಾಭ ಎಂದಿಗೂ 20 ಡಾಲರನ್ನು ಮೀರುವುದಿಲ್ಲ, ನಷ್ಟವಾದರೋ ನೂರಕ್ಕೆ ಏಳೆಂಟು ಬಾರಿ 20 ಡಾಲರನ್ನು ಮೀರುತ್ತದೆ. ಹಲವು ಬಾರಿಯ ಸಣ್ಣ ಸಮಾಧಾನಗಳಿಗಾಗಿ ಅಪರೂಪದ ಒಂದು ದೊಡ್ಡ ಆಘಾತವನ್ನು ಒಪ್ಪಿಕೊಂಡದ್ದೇ ಈ ರಚನೆಯ ತಿರುಳು.

ಗಡುವಿಗೆ ಮುಂಚೆ

ಇದುವರೆಗೆ ನಾವು ಗಡುವಿನ ದಿನದ ಲೆಕ್ಕವನ್ನು ಮಾತ್ರ ಮಾಡಿದೆವು. ತೊಂದರೆ ಬಹುಮಟ್ಟಿಗೆ ಅದಕ್ಕೆ ಮುಂಚೆಯೇ ಬರುತ್ತದೆ. ಒಪ್ಪಂದವಾಗಿ ಎರಡು ತಿಂಗಳು ಕಳೆದಿವೆ. ಬೆಲೆ 85ಕ್ಕೆ ಇಳಿದಿದೆ. ಪೇಟೆಯಲ್ಲಿ ಗಾಬರಿ ಹುಟ್ಟಿ ಏರಿಳಿತದ ಪ್ರಮಾಣ ಶೇಕಡಾ 30ರಿಂದ 50ಕ್ಕೆ ಏರಿದೆ ಎಂದು ಭಾವಿಸೋಣ. ಇಂದೇ ಗಡುವು ಮುಗಿದರೆ ಸಂಸ್ಥೆ ತೆರಬೇಕಾದುದು 92 ಮತ್ತು 85ರ ವ್ಯತ್ಯಾಸ, ಎಂದರೆ 7 ಡಾಲರು. ಆದರೆ ಗಡುವು ಮುಗಿದಿಲ್ಲ. ಇನ್ನೂ ನಾಲ್ಕು ತಿಂಗಳಿದೆ, ಬೆಲೆ ಇನ್ನೂ ಕೆಳಗಿಳಿಯಬಹುದು. ಆದುದರಿಂದ ಆ ಪುಟ್ಟಿನ ಇಂದಿನ ಬೆಲೆ 7 ಅಲ್ಲ, ಸುಮಾರು 14 ಡಾಲರು. ಸಂಸ್ಥೆಯ ಬಳಿ ಇರುವ ಕಾಲ್ ಸ್ಪ್ರೆಡ್ಡಿಗೆ ಇನ್ನೂ 2.40 ಡಾಲರಿನ ಬೆಲೆಯಿದೆ. ಇದನ್ನು ಕಳೆದರೆ ಲೆಕ್ಕದ ಮೇಲಿನ ನಷ್ಟ ಪೀಪಾಯಿಗೆ 11.60 ಡಾಲರು, 10 ಲಕ್ಷ ಪೀಪಾಯಿಗೆ ಒಂದು ಕೋಟಿ ಹದಿನಾರು ಲಕ್ಷ ಡಾಲರು.

‘ಲೆಕ್ಕದ ಮೇಲಿನ ನಷ್ಟವಷ್ಟೆ, ಗಡುವಿನವರೆಗೆ ಕಾದರಾಯಿತು’ ಎನ್ನಬಹುದು. ಎದುರು ಪಕ್ಷದ ಬ್ಯಾಂಕು ಕಾಯುವುದಿಲ್ಲ. ನಷ್ಟ ಬೆಳೆದಂತೆಲ್ಲ ಮಾರ್ಜಿನ್ ಎಂಬ ಈಡು ಹಣವನ್ನು ಕಟ್ಟಬೇಕೆಂದು ಅನೇಕ ಒಪ್ಪಂದಗಳಲ್ಲಿ ಬರೆದಿರುತ್ತದೆ. ಅಗ್ಗದ ಎಣ್ಣೆಯಿಂದಾಗುವ ಉಳಿತಾಯ ಮುಂದಿನ ತಿಂಗಳುಗಳಲ್ಲಿ, ವಿಮಾನಗಳು ಹಾರಿದಂತೆ, ಸ್ವಲ್ಪಸ್ವಲ್ಪವಾಗಿ ಬರುವಂಥದು. ಈಡು ಹಣವನ್ನಾದರೋ ಈ ವಾರವೇ ಕಟ್ಟಬೇಕು. ಒಟ್ಟು ಲೆಕ್ಕ ಸರಿಯಾಗಿದ್ದರೂ ಕೈಯಲ್ಲಿ ನಗದಿಲ್ಲದೆ ಸಂಸ್ಥೆ ಕಷ್ಟಕ್ಕೆ ಸಿಕ್ಕಬಹುದು. ಪುಟ್ಟನ್ನು ಮಾರಿದವನಿಗೆ ಎರಡು ಏಟುಗಳು ಒಟ್ಟಿಗೇ ಬೀಳುತ್ತವೆ ಎಂಬುದನ್ನೂ ನೆನಪಿಡಬೇಕು. ಬೆಲೆ ಕುಸಿಯುವುದು ಒಂದು. ಕುಸಿತದ ಜೊತೆಯಲ್ಲೇ ಏರಿಳಿತ ಹೆಚ್ಚಿ, ಅವನು ಮಾರಿದ ಹಕ್ಕು ಇನ್ನಷ್ಟು ದುಬಾರಿಯಾಗುವುದು ಇನ್ನೊಂದು.

2008ರ ಪಾಠ

ಈಗ ನಾವು ಆರಂಭದ ಪ್ರಶ್ನೆಗೆ ಮರಳಬಹುದು. 2008ರ ಮೊದಲ ಅರ್ಧದಲ್ಲಿ ಎಣ್ಣೆ ತಿಂಗಳು ತಿಂಗಳಿಗೂ ಏರುತ್ತಿತ್ತು. ಏರಿಕೆಯಿಂದ ರಕ್ಷಣೆ ಪಡೆಯಲು ಹಲವು ವಿಮಾನ ಸಂಸ್ಥೆಗಳು ಕಾಲ್‌ಗಳನ್ನು ಕೊಂಡವು. ಕಾಲ್‌ಗಳು ದುಬಾರಿಯಾಗಿದ್ದುದರಿಂದ ಅದರ ಖರ್ಚಿಗಾಗಿ ಪುಟ್‌ಗಳನ್ನು ಮಾರಿದವು. ಚೀಣದ ಚೈನಾ ಈಸ್ಟರ್ನ್ ಸಂಸ್ಥೆ ಇಂಥವುಗಳಲ್ಲಿ ಒಂದು. ವರ್ಷದ ಕೊನೆಗೆ ಅದರ ಇಂಧನ ಒಪ್ಪಂದಗಳ ಲೆಕ್ಕದ ಮೇಲಿನ ನಷ್ಟ 600 ಕೋಟಿ ಯುವಾನುಗಳನ್ನು ಮೀರಿತ್ತು. 2009ರಲ್ಲಿ ಎಣ್ಣೆ ಮತ್ತೆ ಏರಿದಾಗ ಇದರ ಒಂದು ಭಾಗ ಹಿಂದಿರುಗಿತೆಂಬುದು ನಿಜ. ನಾವು ಮೇಲೆ ಹೇಳಿದ, ಗಡುವಿಗೆ ಮುಂಚಿನ ಲೆಕ್ಕದ ಸ್ವಭಾವವೇ ಅಂಥದು.

ಎಣ್ಣೆಯನ್ನು ನಿಜವಾಗಿ ಬಳಸುವವರಿಗೆ ಇದು ಶುದ್ಧ ನಷ್ಟವಾಗಬಾರದೆಂದು ಮೊದಲು ಹೇಳಿದೆವಲ್ಲವೆ? ಆ ಮಾತು ನಿಲ್ಲುವುದು ಒಪ್ಪಂದದ ಪ್ರಮಾಣವೂ ಬಳಕೆಯ ಪ್ರಮಾಣವೂ ಒಂದೇ ಆಗಿದ್ದಾಗ ಮಾತ್ರ. ಆ ವರ್ಷ ಎಣ್ಣೆಯ ಬೆಲೆ ಕುಸಿದುದಕ್ಕೂ ಜನ ಪ್ರಯಾಣವನ್ನು ಕಡಮೆ ಮಾಡಿದುದಕ್ಕೂ ಕಾರಣ ಒಂದೇ; ಅದು ಜಗತ್ತಿನ ಆರ್ಥಿಕ ಮುಗ್ಗಟ್ಟು. ನಮ್ಮ ಕಲ್ಪನೆಯ ಸಂಸ್ಥೆಯನ್ನೇ ಇಂಥ ಸಂದರ್ಭದಲ್ಲಿ ನಿಲ್ಲಿಸಿ ನೋಡೋಣ. ಬೆಲೆ 40ಕ್ಕೆ ಇಳಿದಿದೆ. ಪ್ರಯಾಣಿಕರಿಲ್ಲದೆ ವಿಮಾನಗಳನ್ನು ನಿಲ್ಲಿಸಿದುದರಿಂದ ಅದು ಬಳಸಿದ್ದು 10 ಲಕ್ಷವಲ್ಲ, 7 ಲಕ್ಷ ಪೀಪಾಯಿ. ಒಪ್ಪಂದದ ಮೇರೆಗೆ ತೆರಬೇಕಾದುದು 10 ಲಕ್ಷಕ್ಕೆ ತಲಾ 52 ಡಾಲರು, ಒಟ್ಟು 5 ಕೋಟಿ 20 ಲಕ್ಷ. 92ಕ್ಕೆ ಬದಲಾಗಿ 40ಕ್ಕೆ ಕೊಂಡುದರಿಂದ 7 ಲಕ್ಷ ಪೀಪಾಯಿಗಳಲ್ಲಿ ಉಳಿದದ್ದು 3 ಕೋಟಿ 64 ಲಕ್ಷ. ಮಿಕ್ಕ 1 ಕೋಟಿ 56 ಲಕ್ಷ ಡಾಲರಿಗೆ ಯಾವ ಆಸರೆಯೂ ಇಲ್ಲ. ಆ 3 ಲಕ್ಷ ಪೀಪಾಯಿಗಳ ಮಟ್ಟಿಗೆ ಸಂಸ್ಥೆಯು ತನಗೇ ತಿಳಿಯದಂತೆ ಪಂದ್ಯಗಾರನ ಸ್ಥಾನದಲ್ಲಿ ನಿಂತಿತ್ತು.

ಇದಕ್ಕಿಂತಲೂ ಮೋಹಕವಾದ ಇನ್ನೊಂದು ದಾರಿಯುಂಟು. ಒಂದು ಕಾಲ್ ಸ್ಪ್ರೆಡ್ಡಿಗೆ ಒಂದರ ಬದಲು ಎರಡು ಪುಟ್‌ಗಳನ್ನು ಮಾರುವುದು. 85 ಡಾಲರಿನ ಪುಟ್‌ಗೆ ಸುಮಾರು 2.50 ಸಿಕ್ಕುತ್ತದೆ; ಎರಡಕ್ಕೆ 5 ಡಾಲರು. ಖರ್ಚು ತೀರಿ ಹಣ ಮಿಗುವುದಲ್ಲದೆ, ಅಪಾಯ ಆರಂಭವಾಗುವ ಬೆಲೆಯೂ 92ರಿಂದ 85ಕ್ಕೆ ಇಳಿಯಿತು. ಮೇಲುನೋಟಕ್ಕೆ ಇದು ಹೆಚ್ಚು ಸುರಕ್ಷಿತ. ಆದರೆ ಬೆಲೆ 40ಕ್ಕೆ ಇಳಿದಾಗ ತೆರಬೇಕಾದುದು 45ರ ಎರಡರಷ್ಟು, ಎಂದರೆ 90 ಡಾಲರು. ಇದರಲ್ಲಿ ಅರ್ಧದಷ್ಟನ್ನು ಎಣ್ಣೆಯ ಉಳಿತಾಯ ಸರಿದೂಗಿಸೀತು. ಉಳಿದ ಅರ್ಧಕ್ಕೆ ಬದಲಾಗಿ ಏನೂ ಇಲ್ಲ.

ಪರೀಕ್ಷಿಸುವ ಬಗೆ

ಹಾಗಾದರೆ ಈ ಹಕ್ಕಿಯನ್ನು ಕಟ್ಟಲೇಬಾರದೆ? ಹಾಗೇನೂ ಇಲ್ಲ. ಡಾಲರಿನಲ್ಲಿ ಹಣ ತೆರಬೇಕಾದ ಆಮದುದಾರರು ಎಣ್ಣೆಯ ಬದಲು ಡಾಲರನ್ನೇ ವಸ್ತುವನ್ನಾಗಿ ಮಾಡಿಕೊಂಡು ಇದನ್ನು ಬಳಸುವುದುಂಟು. ರಫ್ತುದಾರರು ಇದನ್ನೇ ತಲೆಕೆಳಗು ಮಾಡಿ, ಪುಟ್‌ಗಳ ಜೋಡಿಯನ್ನು ಕೊಂಡು ಕಾಲ್ ಒಂದನ್ನು ಮಾರುತ್ತಾರೆ. ಬೆಲೆ ಸಾಧಾರಣವಾಗಿ ಏರುತ್ತದೆ, ಮಿತಿಮೀರಿ ಏರುವುದಿಲ್ಲ, ಆಳಕ್ಕೆ ಕುಸಿಯುವುದೂ ಇಲ್ಲ ಎಂಬ ನಂಬಿಕೆಗೆ ತಕ್ಕ ಉಡುಪು ಇದು. ಆ ಮೂರು ಮಾತುಗಳಲ್ಲಿ ಕೊನೆಯದು ಸುಳ್ಳಾದರೆ ತಾಳಿಕೊಳ್ಳುವ ಶಕ್ತಿ ಇದೆಯೇ ಎಂಬುದೇ ಪ್ರಶ್ನೆ.

ಮೊದಲ ಪರೀಕ್ಷೆ, ಮೂರು ಅಂಗಗಳನ್ನೂ ಬಿಡಿಬಿಡಿಯಾಗಿ ಬೆಲೆ ಕಟ್ಟಿ ನೋಡುವುದು. ನಮ್ಮ ಲೆಕ್ಕದಲ್ಲಿ 92 ಡಾಲರಿನ ಪುಟ್ಟನ್ನು ಮಾರಿದರೆ ಖರ್ಚು ತೀರುತ್ತದೆ. ಯಾವುದೋ ಬ್ಯಾಂಕು 95 ಡಾಲರಿನ ಪುಟ್ ಇರುವ ಕಾಗದವನ್ನು ಮುಂದಿಟ್ಟು, ‘ಇದಕ್ಕೂ ಖರ್ಚು ಸೊನ್ನೆಯೇ’ ಎಂದಿತೆನ್ನೋಣ. ಆ ಪುಟ್‌ಗೆ ನ್ಯಾಯವಾದ ಬೆಲೆ ಸುಮಾರು 6 ಡಾಲರು. 1.80ನ್ನು ಸೇರಿಸಿ 6.40ನ್ನು ಕಳೆದರೆ 1.40 ಡಾಲರು ಗಿರಾಕಿಗೆ ಮರಳಬೇಕಾಗಿತ್ತು. ಅದು ಬ್ಯಾಂಕಿನಲ್ಲೇ ಉಳಿಯಿತು. 10 ಲಕ್ಷ ಪೀಪಾಯಿಗೆ ಇದು 14 ಲಕ್ಷ ಡಾಲರು. ಸೊನ್ನೆಯೆಂಬ ಒಂದು ಅಂಕಿಯ ಹಿಂದೆ ಇಷ್ಟು ದೊಡ್ಡ ಮೊತ್ತ ಅಡಗಿರಬಲ್ಲುದು. ಮೂರು ಬೆಲೆಗಳನ್ನೂ ಬೇರೆಬೇರೆಯಾಗಿ ಕೇಳಿದವನಿಗೆ ಮಾತ್ರ ಅದು ಕಾಣುತ್ತದೆ.

ಎರಡನೆಯ ಪರೀಕ್ಷೆ, ಮಾರಿದ ಪುಟ್ಟಿನ ಪ್ರಮಾಣವನ್ನು ಬಳಕೆಯ ಅಂದಾಜಿನೊಡನೆ ಅಲ್ಲ, ಅತಿ ಕೆಟ್ಟ ವರ್ಷದ ಬಳಕೆಯೊಡನೆ ಹೋಲಿಸುವುದು. ಮೂರನೆಯದು, ಬೆಲೆ ಅರ್ಧಕ್ಕೆ ಇಳಿದು ಏರಿಳಿತ ಇಮ್ಮಡಿಯಾದ ದಿನ ಎಷ್ಟು ಈಡು ಹಣ ಕಟ್ಟಬೇಕಾದೀತು ಎಂದು ಮೊದಲೇ ಎಣಿಸಿಡುವುದು. ಭಯಕ್ಕೆ ಹೆದರುವವರು ಕೆಳಗಿನ ಇನ್ನೊಂದು ಪುಟ್ಟನ್ನು, 75 ಡಾಲರಿನದನ್ನೋ 70ರದನ್ನೋ, ಕೊಂಡು ನಷ್ಟಕ್ಕೂ ಒಂದು ನೆಲವನ್ನು ಹಾಕಬಹುದು. ಆಗ ಖರ್ಚು ಸೊನ್ನೆಯಾಗಿ ಉಳಿಯುವುದಿಲ್ಲ. ಸ್ವಲ್ಪ ಹಣವನ್ನು ಇಂದೇ ಎಣಿಸಿಕೊಡಬೇಕಾಗುತ್ತದೆ. ಕಡಲಹಕ್ಕಿಯಲ್ಲಿ ಆ ಹಣ ಉಳಿಯುತ್ತದೆಂಬುದಲ್ಲ. ಅದನ್ನು ತೆರುವ ದಿನವೂ ಮೊತ್ತವೂ ನಮ್ಮ ಕೈ ಬಿಟ್ಟು ಎಣ್ಣೆಯ ಬೆಲೆಯ ಕೈ ಸೇರುತ್ತವೆ.